ಆಪ್‌ಆಂಪ್ ಲೆಕ್ಕದಲ್ಲಿ ಮೊದಲು ನೋಡಬೇಕಾದ್ದು ಮೈನಸ್ ಪಿನ್ನು

ಒಂದು ಲೆಕ್ಕ ಕೊಡುತ್ತೇನೆ, ಮೊದಲು ಮಾಡಿ ನೋಡಿ. ಆಪ್‌ಆಂಪ್‌ನ ಪ್ಲಸ್ ಪಿನ್ನಿಗೆ ಎರಡು ಇನ್‌ಪುಟ್ ಬರುತ್ತಿವೆ. V1 ಅಂದರೆ 1 ವೋಲ್ಟ್, V2 ಅಂದರೆ 2 ವೋಲ್ಟ್. ಎರಡೂ ಒಂದೊಂದು 10ಕೆ ರೆಸಿಸ್ಟರ್ ಮೂಲಕ ಬರುತ್ತವೆ. ಮೈನಸ್ ಪಿನ್ನಿಂದ ಗ್ರೌಂಡಿಗೆ 10ಕೆ, ಔಟ್‌ಪುಟ್‌ನಿಂದ ಮೈನಸ್ ಪಿನ್ನಿಗೆ 20ಕೆ. ಔಟ್‌ಪುಟ್ ಎಷ್ಟು?

ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ.ಗೆ ಸೇರಿದ ಹುಡುಗರಿಗೆ ನಾನು ಸಂಜೆ ಹೊತ್ತು ಪಾಠ ಹೇಳುತ್ತೇನೆ. ಈ ಲೆಕ್ಕ ಬೋರ್ಡ್ ಮೇಲೆ ಬರೆದರೆ ಅರ್ಧ ಕ್ಲಾಸಿನಿಂದ ಒಂದೇ ಉತ್ತರ: "ಗೇನ್ ಮೂರು, ಇನ್‌ಪುಟ್ ಒಂದು ಪ್ಲಸ್ ಎರಡು ಮೂರು, ಒಂಬತ್ತು ವೋಲ್ಟ್ ಅಲ್ವಾ ಸಾರ್?" ಅಲ್ಲ. ನಾಲ್ಕೂವರೆ ವೋಲ್ಟ್. ಗೇನ್ ಮೂರು ಅನ್ನುವುದು ಸರಿಯಾಗಿಯೇ ಇದೆ. ತಪ್ಪಿದ್ದು ಇನ್‌ಪುಟ್ ಕೂಡಿಸಿದ ಜಾಗದಲ್ಲಿ.

ಅದು ಯಾಕೆ ತಪ್ಪು ಅಂತ ಗೊತ್ತಾದರೆ ಇನ್ವರ್ಟಿಂಗ್, ನಾನ್‌ಇನ್ವರ್ಟಿಂಗ್, ಸಮ್ಮಿಂಗ್ ಮೂರೂ ಒಂದೇ ದಾರಿಯಲ್ಲಿ ಬಿಡಿಸಬಹುದು. ನಾಲ್ಕೈದು ಫಾರ್ಮುಲಾ ಬಾಯಿಪಾಠ ಮಾಡುವ ಕೆಲಸ ಇರುವುದಿಲ್ಲ.

ಎರಡೇ ನಿಯಮ, ಆದರೆ ಒಂದು ಷರತ್ತು

ಪರೀಕ್ಷೆಯ ಲೆಕ್ಕದಲ್ಲಿ ಆಪ್‌ಆಂಪ್ ಐಡಿಯಲ್ ಅಂತ ಇಟ್ಟುಕೊಳ್ಳುತ್ತೇವೆ. ಆಗ ಎರಡು ಮಾತು ಸಾಕು. ಒಂದು, ಪ್ಲಸ್ ಪಿನ್ನಿಗಾಗಲಿ ಮೈನಸ್ ಪಿನ್ನಿಗಾಗಲಿ ಕರೆಂಟ್ ಹೋಗುವುದಿಲ್ಲ. ಎರಡು, ಈ ಎರಡು ಪಿನ್ನುಗಳ ವೋಲ್ಟೇಜ್ ಒಂದೇ ಆಗಿರುತ್ತದೆ. ಇದನ್ನೇ ವರ್ಚುವಲ್ ಶಾರ್ಟ್ ಅನ್ನುವುದು.

ಎರಡನೇ ನಿಯಮ ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳುತ್ತಾರೆ. 741 ಆಪ್‌ಆಂಪ್‌ನ ಓಪನ್ ಲೂಪ್ ಗೇನ್ ಸುಮಾರು 2 ಲಕ್ಷ. ಔಟ್‌ಪುಟ್ 10 ವೋಲ್ಟ್ ಇದೆ ಅಂದುಕೊಳ್ಳಿ. ಅದನ್ನು 2 ಲಕ್ಷದಿಂದ ಭಾಗಿಸಿ. ಎರಡು ಪಿನ್ನುಗಳ ನಡುವೆ ಬೇಕಾದ ವ್ಯತ್ಯಾಸ ಬರೀ 50 ಮೈಕ್ರೋವೋಲ್ಟ್. ಲೆಕ್ಕದಲ್ಲಿ ಅದನ್ನು ಸೊನ್ನೆ ಅಂದರೂ ಏನೂ ಕೆಡುವುದಿಲ್ಲ.

ಷರತ್ತು ಏನೆಂದರೆ, ಔಟ್‌ಪುಟ್‌ನಿಂದ ಫೀಡ್‌ಬ್ಯಾಕ್ ಮೈನಸ್ ಪಿನ್ನಿಗೆ ಬರಬೇಕು, ಮತ್ತು ಔಟ್‌ಪುಟ್ ಸ್ಯಾಚುರೇಟ್ ಆಗಿರಬಾರದು. ಆದ್ದರಿಂದ ಚಿತ್ರ ನೋಡಿದ ಕೂಡಲೇ ಮಾಡುವ ಮೊದಲ ಕೆಲಸ, ಫೀಡ್‌ಬ್ಯಾಕ್ ರೆಸಿಸ್ಟರ್ Rf ಯಾವ ಪಿನ್ನಿಗೆ ಬಂದು ಸೇರುತ್ತದೆ ಅಂತ ಬೆರಳಿಟ್ಟು ನೋಡುವುದು. ಕೆಲವು ಪ್ರಶ್ನೆಪತ್ರಿಕೆಯಲ್ಲಿ ಪ್ಲಸ್ ಪಿನ್ನನ್ನು ಮೇಲೆ, ಮೈನಸ್ ಪಿನ್ನನ್ನು ಕೆಳಗೆ ಬರೆದಿರುತ್ತಾರೆ. ಪುಸ್ತಕದಲ್ಲಿ ನೋಡಿದ ಚಿತ್ರದ ನೆನಪಲ್ಲಿ ಮೇಲಿನದೇ ಮೈನಸ್ ಅಂತ ಹೋದರೆ ಇಡೀ ಲೆಕ್ಕ ಉಲ್ಟಾ. ಫೀಡ್‌ಬ್ಯಾಕ್ ಪ್ಲಸ್ ಪಿನ್ನಿಗೆ ಮಾತ್ರ ಬಂದಿದ್ದರೆ ಅದು ಆಂಪ್ಲಿಫೈಯರ್ರೇ ಅಲ್ಲ, ಸ್ಮಿಟ್ ಟ್ರಿಗರ್. ಅಲ್ಲಿ ಗೇನ್ ಫಾರ್ಮುಲಾ ಹಾಕಿದರೆ ಒಂದು ಮಾರ್ಕ್ಸೂ ಬರುವುದಿಲ್ಲ.

ಇನ್ವರ್ಟಿಂಗ್: ಕರೆಂಟ್ ಹಿಡಿದುಕೊಂಡು ಹೋಗಿ

R1 10ಕೆ, Rf 47ಕೆ, ಇನ್‌ಪುಟ್ 0.5 ವೋಲ್ಟ್, ಪ್ಲಸ್ ಪಿನ್ ಗ್ರೌಂಡಿಗೆ. ಪ್ಲಸ್ ಪಿನ್ ಸೊನ್ನೆ, ಹಾಗಾಗಿ ಮೈನಸ್ ಪಿನ್ನೂ ಸೊನ್ನೆ. R1ನ ಒಂದು ತುದಿಯಲ್ಲಿ 0.5 ವೋಲ್ಟ್, ಇನ್ನೊಂದು ತುದಿಯಲ್ಲಿ ಸೊನ್ನೆ. ಕರೆಂಟ್ 50 ಮೈಕ್ರೋ ಆಂಪಿಯರ್. ಇದು ಪಿನ್ನಿನೊಳಗೆ ಹೋಗುವಂತಿಲ್ಲ. ಇರುವ ದಾರಿ ಒಂದೇ, Rf. ಸೊನ್ನೆಯಲ್ಲಿರುವ ಜಾಗದಿಂದ ಹೊರಟು 47ಕೆ ದಾಟುವಾಗ 2.35 ವೋಲ್ಟ್ ಬೀಳುತ್ತದೆ. ಸೊನ್ನೆಗಿಂತ ಕೆಳಗೆ ಬೀಳಬೇಕು ಅಂದಮೇಲೆ ಔಟ್‌ಪುಟ್ ಮೈನಸ್ 2.35 ವೋಲ್ಟ್.

```
I  = 0.5 V / 10 kΩ = 0.05 mA
Vo = 0 − (0.05 mA × 47 kΩ) = −2.35 V
```

ಮೈನಸ್ ಚಿಹ್ನೆ ಎಲ್ಲಿಂದ ಬಂತು ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. −Rf/R1 ಅಂತ ನೆನಪಿಟ್ಟುಕೊಂಡು ಬರೆದರೂ ಇದೇ ಉತ್ತರ ಬರುತ್ತದೆ. ಆದರೆ ಕರೆಂಟಿನ ದಾರಿ ಗೊತ್ತಿದ್ದವರಿಗೆ ಮುಂದಿನ ಲೆಕ್ಕಗಳು ಸುಲಭ. ಇನ್ನೊಂದು ಅನುಕೂಲವೂ ಇದೆ. ವೋಲ್ಟನ್ನು ಕಿಲೋ ಓಮ್‌ನಿಂದ ಭಾಗಿಸಿದರೆ ನೇರವಾಗಿ ಮಿಲಿ ಆಂಪಿಯರ್ ಬರುತ್ತದೆ. ಮಿಲಿ ಆಂಪಿಯರನ್ನು ಕಿಲೋ ಓಮ್‌ನಿಂದ ಗುಣಿಸಿದರೆ ಮತ್ತೆ ವೋಲ್ಟ್. ಹತ್ತರ ಘಾತ ಬರೆದು ಸೊನ್ನೆ ಎಣಿಸುವ ಗೋಜೇ ಬೇಡ.

ಇಲ್ಲಿ ಪ್ರಶ್ನೆ ಕೇಳುವವರು ಒಂದು ಗಾಳ ಹಾಕುತ್ತಾರೆ. ಸಿಗ್ನಲ್ ಸೋರ್ಸ್‌ಗೆ 2 ಕಿಲೋ ಓಮ್ ಒಳರೆಸಿಸ್ಟೆನ್ಸ್ ಇದೆ ಅಂತ ಒಂದು ಸಾಲು ಸೇರಿಸುತ್ತಾರೆ. ಮೈನಸ್ ಪಿನ್ ಸೊನ್ನೆಯಲ್ಲಿ ನಿಂತಿರುವುದರಿಂದ ಸೋರ್ಸ್ ನೋಡುವ ಇನ್‌ಪುಟ್ ರೆಸಿಸ್ಟೆನ್ಸ್ R1 ಒಂದೇ, ಅಂದರೆ 10ಕೆ. ಆಪ್‌ಆಂಪ್‌ನ ಇನ್‌ಪುಟ್ ರೆಸಿಸ್ಟೆನ್ಸ್ ಅನಂತ ಅಂತ ಓದಿದ್ದೇವಲ್ಲ ಅಂತ ಇದನ್ನು ಬಿಟ್ಟುಬಿಡಬಾರದು. 2ಕೆ ಮತ್ತು 10ಕೆ ಸರಣಿಯಲ್ಲಿ ಬಂದು 12ಕೆ ಆಗುತ್ತದೆ. ಔಟ್‌ಪುಟ್ ಮೈನಸ್ 1.96 ವೋಲ್ಟ್‌ಗೆ ಇಳಿಯುತ್ತದೆ.

ನಾನ್‌ಇನ್ವರ್ಟಿಂಗ್: ಆ ಒಂದು ಎಲ್ಲಿಂದ ಬಂತು

ಅದೇ ರೆಸಿಸ್ಟರುಗಳು, ಅದೇ 0.5 ವೋಲ್ಟ್. ಈ ಸಲ ಇನ್‌ಪುಟ್ ಪ್ಲಸ್ ಪಿನ್ನಿಗೆ. 10ಕೆಯ ಹೊರತುದಿ ಗ್ರೌಂಡಿಗೆ. ಮೈನಸ್ ಪಿನ್ ಈಗ 0.5 ವೋಲ್ಟ್‌ನಲ್ಲಿದೆ. ಅಲ್ಲಿಂದ 10ಕೆ ಮೂಲಕ ಗ್ರೌಂಡಿಗೆ 0.05 ಮಿಲಿ ಆಂಪಿಯರ್ ಹರಿಯುತ್ತಿದೆ. ಅದು Rf ಮೂಲಕ ಔಟ್‌ಪುಟ್‌ನಿಂದಲೇ ಬರಬೇಕು. Rf ಮೇಲೆ 2.35 ವೋಲ್ಟ್. ಅದರ ಕೆಳಗಿನ ತುದಿ ಆಗಲೇ 0.5 ವೋಲ್ಟ್‌ನಲ್ಲಿ ಕೂತಿದೆ. ಆದ್ದರಿಂದ ಔಟ್‌ಪುಟ್ 2.85 ವೋಲ್ಟ್.

```
Vo = 0.5 + (0.05 mA × 47 kΩ) = 2.85 V
Av = 1 + 47/10 = 5.7
```

ಫಾರ್ಮುಲಾದಲ್ಲಿರುವ 1 ಅಂದರೆ ಆ 0.5 ವೋಲ್ಟ್‌ನ ಪಾಲು. ಇಷ್ಟು ತಿಳಿದವರು 1 ಬರೆಯುವುದನ್ನು ಮರೆಯುವುದಿಲ್ಲ. Rf ಬದಲು ವೈರ್ ಹಾಕಿ, 10ಕೆ ತೆಗೆದುಬಿಟ್ಟರೆ ಉಳಿಯುವುದು ಅದೊಂದೇ. ಅದೇ ವೋಲ್ಟೇಜ್ ಫಾಲೋಯರ್.

ಸೋರ್ಸ್ ರೆಸಿಸ್ಟೆನ್ಸ್ 2ಕೆ ಇದ್ದರೆ? ಪ್ಲಸ್ ಪಿನ್ನಿಗೆ ಕರೆಂಟೇ ಹೋಗುವುದಿಲ್ಲ, ಹಾಗಾಗಿ 2ಕೆ ಮೇಲೆ ವೋಲ್ಟೇಜ್ ಬೀಳುವುದಿಲ್ಲ. ಉತ್ತರ ಬದಲಾಗುವುದಿಲ್ಲ. ಆದರೆ ಪ್ಲಸ್ ಪಿನ್ನಿಂದ ಗ್ರೌಂಡಿಗೆ ಇನ್ನೊಂದು ರೆಸಿಸ್ಟರ್ ಇದ್ದರೆ ಕಥೆ ಬೇರೆ. ಆಗ ಕರೆಂಟಿಗೆ ದಾರಿ ಸಿಕ್ಕಿತು, ಪೊಟೆನ್ಷಿಯಲ್ ಡಿವೈಡರ್ ಆಯಿತು. ಪಿನ್ನಿಗೆ ನಿಜವಾಗಿ ಎಷ್ಟು ವೋಲ್ಟೇಜ್ ತಲುಪಿತು ಅಂತ ಮೊದಲು ಕಂಡುಹಿಡಿಯಬೇಕು. ಆಮೇಲೆ ಗೇನ್. ಈ ಕ್ರಮ ಮನಸ್ಸಲ್ಲಿರಲಿ, ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ.

ಮೈನಸ್ ಪಿನ್ನಿನಲ್ಲಿ ಕೂಡುವುದು

ಇನ್ವರ್ಟಿಂಗ್ ಸಮ್ಮರ್ ನಿಜಕ್ಕೂ ಸುಲಭ. V1 = 0.2 ವೋಲ್ಟ್ 10ಕೆ ಮೂಲಕ, V2 = −0.5 ವೋಲ್ಟ್ 20ಕೆ ಮೂಲಕ, V3 = 1 ವೋಲ್ಟ್ 50ಕೆ ಮೂಲಕ ಮೈನಸ್ ಪಿನ್ನಿಗೆ ಬರುತ್ತವೆ. Rf 100ಕೆ. ಪ್ಲಸ್ ಪಿನ್ ಗ್ರೌಂಡಿಗೆ.

ಮೂರೂ ರೆಸಿಸ್ಟರುಗಳ ಬಲತುದಿ ಸೊನ್ನೆ ವೋಲ್ಟ್‌ನಲ್ಲಿದೆ. ಒಂದೊಂದರ ಕರೆಂಟ್ ಬೇರೆ ಬೇರೆ ಬರೆಯಿರಿ, ಚಿಹ್ನೆ ಸಮೇತ ಕೂಡಿಸಿ, Rfನಿಂದ ಗುಣಿಸಿ, ಮುಂದೆ ಮೈನಸ್ ಹಾಕಿ.

```
I1 =  0.2/10 =  0.020 mA
I2 = −0.5/20 = −0.025 mA
I3 =  1.0/50 =  0.020 mA
I  =  0.015 mA
Vo = −(0.015 × 100) = −1.5 V
```

ಗೇನ್ ಲೆಕ್ಕದಿಂದ ತಾಳೆ ನೋಡಿ. ಮೂರಕ್ಕೆ ಗೇನ್ ಕ್ರಮವಾಗಿ −10, −5, −2. ಹಾಗಾಗಿ −2, +2.5, −2. ಕೂಡಿದರೆ −1.5. ಸರಿ ಹೋಯಿತು. ಇಲ್ಲಿ ಮಾರ್ಕ್ಸ್ ಹೋಗುವುದು ಬಹುಪಾಲು V2ನ ಮೈನಸ್ ಚಿಹ್ನೆಯಲ್ಲಿ. ಇನ್ವರ್ಟಿಂಗ್ ಅಂತ ಮೈನಸ್ ಒಮ್ಮೆ ಹಾಕಿದ್ದೇವಲ್ಲ ಅಂತ ಇನ್‌ಪುಟ್‌ನ ಮೈನಸ್ಸನ್ನು ನುಂಗಿಬಿಡುತ್ತಾರೆ. ಆಗ −6.5 ಬರುತ್ತದೆ. ಕರೆಂಟನ್ನು ಹೀಗೆ ಸಾಲಾಗಿ ಬರೆದರೆ ಆ ತಪ್ಪಿಗೆ ಜಾಗ ಇರುವುದಿಲ್ಲ. ಕೊನೆಯ ಗುಣಾಕಾರ ತಪ್ಪಿದರೂ ಮೇಲಿನ ಸಾಲುಗಳು ಸರಿ ಇದ್ದರೆ ಸ್ಟೆಪ್ ಮಾರ್ಕ್ಸ್ ಸಿಗುತ್ತದೆ.

ಇದನ್ನೇ ತಿರುಗಿಸಿ ಡಿಸೈನ್ ಪ್ರಶ್ನೆ ಕೇಳುತ್ತಾರೆ. ಔಟ್‌ಪುಟ್ −(2V1 + 3V2 + V3) ಬರಬೇಕು, ಸರ್ಕಿಟ್ ಬರೆಯಿರಿ ಅಂತ. Rf ನಮ್ಮ ಇಷ್ಟ. 2ಕ್ಕೂ 3ಕ್ಕೂ ಭಾಗವಾಗುವ ಸಂಖ್ಯೆ ಹಿಡಿಯಿರಿ. 30ಕೆ ಇಟ್ಟರೆ ಇನ್‌ಪುಟ್ ರೆಸಿಸ್ಟರುಗಳು 15ಕೆ, 10ಕೆ, 30ಕೆ. ಲ್ಯಾಬಿನ ಡಬ್ಬಿಯಲ್ಲಿ 30ಕೆ ಇಲ್ಲದಿದ್ದರೆ ಎರಡು 15ಕೆಯನ್ನು ಸರಣಿಯಲ್ಲಿ ಹಾಕಿದರಾಯಿತು. Rf 30 ಓಮ್ ಇಟ್ಟರೂ ಗಣಿತ ಸರಿಯಾಗಿಯೇ ಬರುತ್ತದೆ, ಆದರೆ 741 ಅಷ್ಟು ಕರೆಂಟ್ ಕೊಡಲಾರದು. 30 ಮೆಗಾ ಓಮ್ ಇಟ್ಟರೆ ಪಿನ್ನಿಗೆ ಹೋಗುವ ಚೂರುಪಾರು ಕರೆಂಟೇ ಲೆಕ್ಕ ಕೆಡಿಸುತ್ತದೆ. ಸುಮ್ನೆ 10ಕೆಯಿಂದ 100ಕೆ ಒಳಗೆ ಇರಿ.

ಪ್ಲಸ್ ಪಿನ್ನಿನಲ್ಲಿ ಕೂಡುವುದು: ಮಾರ್ಕ್ಸ್ ಹೋಗುವ ಜಾಗ

ಈಗ ಮೊದಲ ಲೆಕ್ಕಕ್ಕೆ ಬರೋಣ. ಇನ್ವರ್ಟಿಂಗ್ ಸಮ್ಮರ್‌ನಲ್ಲಿ ಎಲ್ಲ ಇನ್‌ಪುಟ್ ಸೇರುವ ಜಾಗ ಸೊನ್ನೆಯಲ್ಲಿ ಅಲ್ಲಾಡದೆ ನಿಂತಿತ್ತು. V1 ಎಷ್ಟೇ ಆದರೂ V2ನ ಕರೆಂಟ್ ಬದಲಾಗುತ್ತಿರಲಿಲ್ಲ. ಪ್ಲಸ್ ಪಿನ್ನಿಗೆ ಆ ಭಾಗ್ಯ ಇಲ್ಲ. ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಫೀಡ್‌ಬ್ಯಾಕ್ ಮೈನಸ್ ಪಿನ್ನನ್ನು ಪ್ಲಸ್ ಪಿನ್ನಿನ ಹಿಂದೆ ಓಡಿಸುತ್ತದೆಯೇ ಹೊರತು ಪ್ಲಸ್ ಪಿನ್ನನ್ನು ಮುಟ್ಟುವುದಿಲ್ಲ. ಹಾಗಾಗಿ ಪ್ಲಸ್ ಪಿನ್ನಿನ ವೋಲ್ಟೇಜನ್ನು ಇನ್‌ಪುಟ್‌ಗಳೇ ತಮ್ಮತಮ್ಮಲ್ಲಿ ಎಳೆದಾಡಿ ತೀರ್ಮಾನಿಸುತ್ತವೆ.

ಕರೆಂಟಿನ ದಾರಿ ನೋಡಿ. ಪಿನ್ನಿಗೆ ಹೋಗುವಂತಿಲ್ಲ. V2 2 ವೋಲ್ಟ್, V1 1 ವೋಲ್ಟ್, ನಡುವೆ ಎರಡು 10ಕೆ. ಆದ್ದರಿಂದ V2ನಿಂದ ಹೊರಟ 0.05 ಮಿಲಿ ಆಂಪಿಯರ್ ಸೀದಾ V1 ಒಳಗೆ ಹೋಗುತ್ತದೆ. ಗದ್ದೆಬಯಲಿನಲ್ಲಿ ಎರಡು ತಾಕಿನ ನಡುವಿನ ಬದು ಕಡಿದರೆ ಮೇಲಿನ ತಾಕಿನ ನೀರು ಕೆಳಗಿನ ತಾಕಿಗೆ ಇಳಿಯುತ್ತದಲ್ಲ, ಹಾಗೆ. ಮಧ್ಯದ ಮಟ್ಟ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಎರಡರ ಮೊತ್ತಕ್ಕಂತೂ ಏರುವುದಿಲ್ಲ. ಇಲ್ಲಿ ರೆಸಿಸ್ಟರುಗಳು ಸಮ ಇರುವುದರಿಂದ ಸರಿಯಾಗಿ ನಡುವೆ, 1.5 ವೋಲ್ಟ್. ಅದನ್ನು 3ರಿಂದ ಗುಣಿಸಿದರೆ 4.5 ವೋಲ್ಟ್.

ರೆಸಿಸ್ಟರುಗಳು ಸಮ ಇಲ್ಲದಿದ್ದರೆ ಪ್ಲಸ್ ಪಿನ್ನಿನಲ್ಲಿ ನೋಡ್ ಸಮೀಕರಣ ಬರೆಯಿರಿ. V1 = 1 ವೋಲ್ಟ್ 10ಕೆ ಮೂಲಕ, V2 = 2 ವೋಲ್ಟ್ 20ಕೆ ಮೂಲಕ ಬಂದಿದೆ ಅನ್ನಿ. ಗೇನ್ ಕಡೆಯ ರೆಸಿಸ್ಟರುಗಳು ಹಾಗೇ ಇರಲಿ.

```
(1 − Vp)/10 + (2 − Vp)/20 = 0
2 − 2Vp + 2 − Vp = 0
Vp = 4/3 V
Vo = (1 + 20/10) × 4/3 = 4 V
```

Vp ಅಂದರೆ ಪ್ಲಸ್ ಪಿನ್ನಿನ ವೋಲ್ಟೇಜ್. ಇದು ಯಾವಾಗಲೂ ಅತಿ ಕಡಿಮೆ ಇನ್‌ಪುಟ್ ಮತ್ತು ಅತಿ ಜಾಸ್ತಿ ಇನ್‌ಪುಟ್ ನಡುವೆಯೇ ಇರಬೇಕು. ಇಲ್ಲಿ 1 ಮತ್ತು 2ರ ನಡುವೆ 1.33 ಬಂದಿದೆ, ಕಡಿಮೆ ರೆಸಿಸ್ಟರ್ ಇರುವ V1 ಕಡೆಗೆ ವಾಲಿದೆ. ಸರಿ. ನಿಮಗೆ 3 ವೋಲ್ಟ್ ಬಂದಿದ್ದರೆ ಎಲ್ಲೋ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಮೂರು ಇನ್‌ಪುಟ್ ಇದ್ದರೂ ಇದೇ ಸಮೀಕರಣಕ್ಕೆ ಇನ್ನೊಂದು ತುಂಡು ಸೇರುತ್ತದೆ, ಅಷ್ಟೇ. ಪ್ಲಸ್ ಪಿನ್ನಿಂದ ಗ್ರೌಂಡಿಗೆ ರೆಸಿಸ್ಟರ್ ಇದ್ದರೆ ಅದನ್ನು ಸೊನ್ನೆ ವೋಲ್ಟ್‌ನ ಒಂದು ಇನ್‌ಪುಟ್ ಅಂತ ತಿಳಿದು ಸೇರಿಸಿಬಿಡಿ.

ಹಾಗಾದರೆ ಸರಿಯಾದ ಮೊತ್ತ V1 + V2 ಬರುವುದು ಯಾವಾಗ? ಎರಡು ಸಮ ರೆಸಿಸ್ಟರಿದ್ದಾಗ ಪಿನ್ನಿಗೆ ಸರಾಸರಿ ಬರುತ್ತದೆ. ಸರಾಸರಿಯನ್ನು ಎರಡರಿಂದ ಗುಣಿಸಿದರೆ ಮೊತ್ತ. ಆದ್ದರಿಂದ ಗೇನ್ 2 ಬೇಕು, ಅಂದರೆ Rf ಮತ್ತು ಗ್ರೌಂಡಿನ ರೆಸಿಸ್ಟರ್ ಸಮ. ಮೂರು ಇನ್‌ಪುಟ್ ಆದರೆ ಗೇನ್ 3, Rf ಗ್ರೌಂಡಿನ ರೆಸಿಸ್ಟರಿನ ಎರಡರಷ್ಟು. ಎರಡು ಇನ್‌ಪುಟ್‌ಗೆ ಡಿಸೈನ್ ಮಾಡಿದ ಸರ್ಕಿಟ್‌ಗೆ ಮೂರನೆಯದನ್ನು ಸುಮ್ನೆ ತಂದು ಸಿಕ್ಕಿಸಿದರೆ ಮೊದಲಿನ ಎರಡರ ಪಾಲೂ ಕಡಿಮೆಯಾಗುತ್ತದೆ. ಇನ್ವರ್ಟಿಂಗ್ ಸಮ್ಮರ್‌ನಲ್ಲಿ ಈ ತೊಂದರೆ ಇಲ್ಲ. ಸಮ್ಮಿಂಗ್ ಅಂದರೆ ಎಲ್ಲರೂ ಅದನ್ನೇ ಬಳಸುವುದು ಇದಕ್ಕೇ, ಮೈನಸ್ ಚಿಹ್ನೆ ಬೇಡವೆಂದರೆ ಹಿಂದೆ ಇನ್ನೊಂದು ಇನ್ವರ್ಟರ್ ಹಾಕಿಕೊಳ್ಳುತ್ತಾರೆ.

ಸೂಪರ್‌ಪೊಸಿಷನ್ ಬಳಸುವವರಿಗೆ ಒಂದು ಎಚ್ಚರಿಕೆ. V2ನ್ನು ಸೊನ್ನೆ ಮಾಡುವುದು ಅಂದರೆ ಅದರ ವೈರನ್ನು ಕಿತ್ತು ಬಿಡುವುದಲ್ಲ, ಆ ತುದಿಯನ್ನು ಗ್ರೌಂಡಿಗೆ ಸೇರಿಸುವುದು. ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೊದಲ ಲೆಕ್ಕದ ಸರ್ಕಿಟ್‌ನಲ್ಲಿ V2ನ ತುದಿಯನ್ನು ಗ್ರೌಂಡಿಗೆ ಚುಚ್ಚಿ. ಪ್ಲಸ್ ಪಿನ್ನಿಗೆ ಅರ್ಧ ವೋಲ್ಟ್, ಔಟ್‌ಪುಟ್ 1.5. ಈಗ ಅದೇ ತುದಿಯನ್ನು ಕಿತ್ತು ಗಾಳಿಯಲ್ಲಿ ಬಿಡಿ. ಕರೆಂಟಿಗೆ ದಾರಿಯೇ ಇಲ್ಲ, 10ಕೆ ಮೇಲೆ ವೋಲ್ಟೇಜ್ ಬೀಳುವುದಿಲ್ಲ, ಪಿನ್ನಿಗೆ ಪೂರ್ತಿ 1 ವೋಲ್ಟ್, ಔಟ್‌ಪುಟ್ 3. ಕಿತ್ತು ಬಿಟ್ಟೇ ಎರಡೂ ಸಲ ಅಳೆದರೆ 3 ಮತ್ತು 6 ಬರುತ್ತದೆ, ಕೂಡಿದರೆ 9. ಆ ಹುಡುಗರ ಒಂಬತ್ತು ಬಂದದ್ದು ಈ ದಾರಿಯಿಂದಲೇ. ಗ್ರೌಂಡ್ ಮಾಡಿ ಅಳೆದರೆ 1.5 ಮತ್ತು 3, ಕೂಡಿದರೆ 4.5.

ಎರಡೂ ಪಿನ್ನಿಗೆ ಇನ್‌ಪುಟ್ ಬಂದಾಗ

ಹೆಚ್ಚು ಮಾರ್ಕ್ಸಿನ ಪ್ರಶ್ನೆ ಸಾಮಾನ್ಯವಾಗಿ ಇಂಥದ್ದು. ಮೈನಸ್ ಪಿನ್ನಿಗೆ V1 = 1 ವೋಲ್ಟ್ 20ಕೆ ಮೂಲಕ, V2 = 0.5 ವೋಲ್ಟ್ ಇನ್ನೊಂದು 20ಕೆ ಮೂಲಕ. Rf 40ಕೆ. ಪ್ಲಸ್ ಪಿನ್ನಿಗೆ V3 = 1 ವೋಲ್ಟ್ ನೇರವಾಗಿ.

ಸೂಪರ್‌ಪೊಸಿಷನ್‌ನಲ್ಲಿ V1, V2 ಸುಲಭ. ಎರಡಕ್ಕೂ ಗೇನ್ −2. ಅವುಗಳಿಂದ −2 ಮತ್ತು −1. V3ಗೆ ಗೇನ್ ಎಷ್ಟು? 1 + 40/20, ಅಂದರೆ 3 ಅಂತ ಬರೆಯುವವರು ಜಾಸ್ತಿ. V1, V2 ಎರಡನ್ನೂ ಗ್ರೌಂಡ್ ಮಾಡಿದಾಗ ಮೈನಸ್ ಪಿನ್ನಿಂದ ಗ್ರೌಂಡಿಗೆ ಎರಡು 20ಕೆಗಳು ಪ್ಯಾರಲಲ್ ಆಗಿ ಇವೆ. ಅಂದರೆ 10ಕೆ. ಗೇನ್ 1 + 40/10, ಅಂದರೆ 5.

```
Vo = −2(1) − 2(0.5) + 5(1) = 2 V
```

ನೋಡ್ ಸಮೀಕರಣದಿಂದಲೂ ಒಮ್ಮೆ ನೋಡೋಣ, ಇಲ್ಲಿ ಒಂದು ಸ್ವಾರಸ್ಯ ಇದೆ. ಮೈನಸ್ ಪಿನ್ ಈಗ 1 ವೋಲ್ಟ್‌ನಲ್ಲಿದೆ. V1 ಕೂಡ 1 ವೋಲ್ಟ್. ಹಾಗಾಗಿ V1ನ ರೆಸಿಸ್ಟರಿನಲ್ಲಿ ಕರೆಂಟೇ ಇಲ್ಲ. V2 ಅರ್ಧ ವೋಲ್ಟ್, ಆದ್ದರಿಂದ ಪಿನ್ನಿನ ಜಾಗದಿಂದ V2 ಕಡೆಗೆ 0.025 ಮಿಲಿ ಆಂಪಿಯರ್ ಹೋಗುತ್ತದೆ. ಅದನ್ನು ಔಟ್‌ಪುಟ್ 40ಕೆ ಮೂಲಕ ಕೊಡಬೇಕು. 40ಕೆ ಮೇಲೆ 1 ವೋಲ್ಟ್. ಪಿನ್ನಿನ 1 ವೋಲ್ಟ್ ಮೇಲೆ ಇನ್ನೊಂದು 1 ವೋಲ್ಟ್, ಒಟ್ಟು 2. ಅದೇ ಉತ್ತರ.

ಈ ಲೆಕ್ಕದಲ್ಲಿ ಮೈನಸ್ ಪಿನ್ ವರ್ಚುವಲ್ ಗ್ರೌಂಡ್ ಅಂತ ಬರೆದರೆ ತಪ್ಪು. ಪ್ಲಸ್ ಪಿನ್ ಗ್ರೌಂಡಿಗೆ ಸೇರಿದ್ದಾಗ ಮಾತ್ರ ಆ ಮಾತು. ಇಲ್ಲಿ ವರ್ಚುವಲ್ ಶಾರ್ಟ್ ಅಂತಲೇ ಬರೆಯಬೇಕು. V1, V2ನ ಕರೆಂಟನ್ನು ಸೊನ್ನೆಗೆ ಲೆಕ್ಕ ಹಾಕಿ ಕೈಸುಟ್ಟುಕೊಳ್ಳುವವರು ಈ ಎರಡು ಮಾತನ್ನು ಒಂದೇ ಅಂದುಕೊಂಡಿರುತ್ತಾರೆ.

ಉತ್ತರ ಬರೆದ ಮೇಲೆ ಸಪ್ಲೈ ಕಡೆ ನೋಡಿ

R1 10ಕೆ, Rf 100ಕೆ, ಇನ್‌ಪುಟ್ 2 ವೋಲ್ಟ್, ಸಪ್ಲೈ ±15 ವೋಲ್ಟ್. ಲೆಕ್ಕದಲ್ಲಿ −20 ವೋಲ್ಟ್ ಬರುತ್ತದೆ. ಅಷ್ಟು ವೋಲ್ಟೇಜ್ ಸರ್ಕಿಟ್‌ನಲ್ಲಿ ಎಲ್ಲೂ ಇಲ್ಲ. 741ರ ಔಟ್‌ಪುಟ್ ಸಪ್ಲೈವರೆಗೂ ಹೋಗುವುದಿಲ್ಲ. ±15 ಕೊಟ್ಟರೆ ಲೋಡ್ ನೋಡಿಕೊಂಡು ಸುಮಾರು ±13ರಿಂದ ±14ರಲ್ಲಿ ನಿಲ್ಲುತ್ತದೆ. ಪ್ರಶ್ನೆಯಲ್ಲಿ ಸ್ಯಾಚುರೇಷನ್ ವೋಲ್ಟೇಜ್ ಕೊಟ್ಟಿದ್ದರೆ ಅದನ್ನೇ ಬರೆಯಿರಿ. ಕೊಡದಿದ್ದರೆ, ಉದಾಹರಣೆಗೆ ±13.5 ಅಂತ ಇಟ್ಟುಕೊಂಡಿದ್ದೇನೆ ಎಂದು ಒಂದು ಸಾಲು ಬರೆದು ಮುಂದೆ ಹೋಗಿ.

ಸ್ಯಾಚುರೇಟ್ ಆದ ಮೇಲೆ ಎರಡನೇ ನಿಯಮ ಸತ್ತಂತೆ. ಈ ಲೆಕ್ಕದಲ್ಲೇ ನೋಡಿ. ಒಂದು ಕಡೆ 2 ವೋಲ್ಟ್, ಇನ್ನೊಂದು ಕಡೆ −13.5, ನಡುವೆ 10ಕೆ ಮತ್ತು 100ಕೆ. ಮೈನಸ್ ಪಿನ್ನಿನಲ್ಲಿ ಸುಮಾರು 0.59 ವೋಲ್ಟ್ ಉಳಿಯುತ್ತದೆ, ಸೊನ್ನೆ ಅಲ್ಲ. ಲ್ಯಾಬ್ ಪರೀಕ್ಷೆಯಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಔಟ್‌ಪುಟ್ ಸರಿ ಬರುತ್ತಿಲ್ಲ ಅನ್ನಿಸಿದರೆ ಮಲ್ಟಿಮೀಟರಿನಲ್ಲಿ 741ರ 2ನೇ ಪಿನ್ ಮತ್ತು 3ನೇ ಪಿನ್ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಆಪ್‌ಆಂಪ್ ತನ್ನ ಕೆಲಸ ಮಾಡುತ್ತಿದೆ, ರೆಸಿಸ್ಟರ್ ಬಣ್ಣ ಓದಿದ್ದರಲ್ಲಿ ತಪ್ಪಿರಬಹುದು. ಬೇರೆ ಬೇರೆ ಇದ್ದು 6ನೇ ಪಿನ್ ಒಂದೇ ಕಡೆ ಅಂಟಿಕೊಂಡು ಕೂತಿದ್ದರೆ Rf ವೈರ್ ಬಿಟ್ಟಿದೆಯೋ ನೋಡಿ. ಅದು ಸರಿ ಇದ್ದರೆ ಡ್ಯುಯಲ್ ಸಪ್ಲೈನ ನಡುವಿನ ಕಾಮನ್ ಟರ್ಮಿನಲ್ ಬ್ರೆಡ್‌ಬೋರ್ಡಿನ ಗ್ರೌಂಡಿಗೆ ಸೇರಿದೆಯೋ ನೋಡಿ. 7ಕ್ಕೆ ಪ್ಲಸ್, 4ಕ್ಕೆ ಮೈನಸ್ ಕೊಟ್ಟು ಕಾಮನ್ ಮರೆಯುವುದು ಪ್ರತಿ ಬ್ಯಾಚಿನಲ್ಲೂ ಇದ್ದದ್ದೇ.

ವೇವ್‌ಫಾರ್ಮ್ ಬರೆಯಿರಿ ಅಂದಾಗ

ಸಮ್ಮರ್‌ನಲ್ಲಿ ಒಂದು ಇನ್‌ಪುಟ್ ಸೈನ್ ವೇವ್, ಇನ್ನೊಂದು ಡಿಸಿ ಕೊಟ್ಟು ಔಟ್‌ಪುಟ್ ಚಿತ್ರ ಬರೆಯಲು ಹೇಳುತ್ತಾರೆ. 1 ವೋಲ್ಟ್ ಪೀಕ್ ಸೈನ್ 10ಕೆ ಮೂಲಕ, 2 ವೋಲ್ಟ್ ಡಿಸಿ 20ಕೆ ಮೂಲಕ ಮೈನಸ್ ಪಿನ್ನಿಗೆ. Rf 20ಕೆ. ಸೈನ್‌ಗೆ ಗೇನ್ −2, ಡಿಸಿಗೆ −1.

```
Vo = −2 − 2 sin θ
```

ಮೊದಲು −2 ವೋಲ್ಟ್‌ನಲ್ಲಿ ಒಂದು ಚುಕ್ಕಿಗೆರೆ ಎಳೆಯಿರಿ. ಅದರ ಸುತ್ತ 2 ವೋಲ್ಟ್ ಪೀಕ್ ಇರುವ ಸೈನನ್ನು ತಲೆಕೆಳಗಾಗಿ ಬರೆಯಿರಿ. ಇನ್‌ಪುಟ್ ಏರುವಾಗ ಔಟ್‌ಪುಟ್ ಇಳಿಯಬೇಕು. ಔಟ್‌ಪುಟ್ 0ಯಿಂದ −4ರ ನಡುವೆ ಓಡಾಡುತ್ತದೆ. ಇನ್‌ಪುಟ್ ಚಿತ್ರವನ್ನು ಮೇಲೆ, ಔಟ್‌ಪುಟ್ ಚಿತ್ರವನ್ನು ಅದರ ಕೆಳಗೆ, ಒಂದೇ ಸಮಯದ ಅಳತೆಯಲ್ಲಿ ಬರೆದರೆ ತಿದ್ದುವವರಿಗೆ ತಲೆಕೆಳಗಾಗಿರುವುದು ಒಂದೇ ನೋಟಕ್ಕೆ ಕಾಣುತ್ತದೆ. ಪ್ರಶ್ನೆಯಲ್ಲಿ ಪೀಕ್ ಕೊಟ್ಟಿದ್ದಾರೋ, ಪೀಕ್ ಟು ಪೀಕ್ ಕೊಟ್ಟಿದ್ದಾರೋ ಅಂತ ಎರಡು ಸಲ ಓದಿ.

ಈಗ Rf ಮಾತ್ರ 100ಕೆ ಮಾಡಿ, ಸಪ್ಲೈ ±15 ಇರಲಿ, ಸ್ಯಾಚುರೇಷನ್ ±13.5 ಅಂತ ಇಟ್ಟುಕೊಳ್ಳಿ. ಸೈನ್‌ಗೆ ಗೇನ್ −10, ಡಿಸಿಗೆ −5, ಅಂದರೆ ನಡುಗೆರೆ −10 ವೋಲ್ಟ್.

```
Vo = −10 − 10 sin θ
−13.5 = −10 − 10 sin θ
sin θ = 0.35,  θ ≈ 20.5° ಮತ್ತು 159.5°
```

ಮೇಲ್ತುದಿ 0 ವೋಲ್ಟ್, ಅಲ್ಲಿ ಏನೂ ತೊಂದರೆ ಇಲ್ಲ, ಸೈನ್ ಪೂರ್ತಿ ದುಂಡಗೆ ಬರುತ್ತದೆ. ಕೆಳಗೆ −20ಕ್ಕೆ ಹೋಗಬೇಕಿದ್ದದ್ದು −13.5ರಲ್ಲಿ ಚಪ್ಪಟೆಯಾಗಿ ಕತ್ತರಿಸಿಕೊಳ್ಳುತ್ತದೆ. ಚಪ್ಪಟೆ ಭಾಗ ಶುರುವಾಗುವುದು 20.5 ಡಿಗ್ರಿಯಲ್ಲಿ, ಮುಗಿಯುವುದು 159.5ರಲ್ಲಿ. ಈ ಎರಡು ಕೋನ, −13.5 ವೋಲ್ಟ್‌ನ ಗೆರೆ, −10ರ ಚುಕ್ಕಿಗೆರೆ, ನಾಲ್ಕನ್ನೂ ಚಿತ್ರದ ಮೇಲೆ ಗುರುತು ಹಾಕಿ.